ಕೊಂಡಿ ಒತ್ತಿ ನೋಡಿದ್ರಾ?

ಮದುವೆಗೆ ಅಡುಗೆಯವರನ್ನ ಗೊತ್ತು ಮಾಡುವವರು ಏನು ಮಾಡ್ತಾರೆ? ಹಿಂದೆ ಯಾರ್ಯಾರ ಮನೆಯಲ್ಲಿ ಅಡುಗೆ ಮಾಡಿದ್ದಾರೆ ಅಂತ ಕೇಳ್ತಾರೆ. ಅಲ್ಲಿ ಉಂಡವರನ್ನ ವಿಚಾರಿಸ್ತಾರೆ. ಅದೃಷ್ಟ ಇದ್ದರೆ ಯಾವುದೋ ಗೃಹಪ್ರವೇಶದಲ್ಲಿ ಅವರದೇ ಕೈಯಡುಗೆ ಉಂಡು ಬರ್ತಾರೆ. "ಸಾಸಿವೆ ಗೊತ್ತಾ? ಇಂಗು ಗೊತ್ತಾ? ಕೊಳಗ ಎತ್ತಿ ಇಳಿಸಿ ಅನುಭವ ಇದೆಯಾ?" ಅಂತ ಪಟ್ಟಿ ಹಿಡಿದು ಟಿಕ್ ಹಾಕ್ತಾ ಕೂರುವವರನ್ನ ನಾನಂತೂ ನೋಡಿಲ್ಲ.

ಆದರೆ ಬೆಂಗಳೂರಿನ ಕಂಪನಿಗಳಲ್ಲಿ ಬರೆಯೋರನ್ನ, ಡಿಸೈನ್ ಮಾಡೋರನ್ನ ಆರಿಸುವುದು ಹೆಚ್ಚೂಕಡಿಮೆ ಹೀಗೇ. ಕಂಟೆಂಟ್ ರೈಟರ್ ಬೇಕು ಅಂದ ಕೂಡಲೇ ಒಂದು ಕೀವರ್ಡ್ ಪಟ್ಟಿ ತಯಾರಾಗುತ್ತೆ. ಎಸ್.ಇ.ಒ., ವರ್ಡ್‌ಪ್ರೆಸ್, ಕಂಟೆಂಟ್ ಸ್ಟ್ರಾಟಜಿ, ಬ್ಲಾಗ್, ಸೋಶಿಯಲ್ ಮೀಡಿಯಾ.. ಡಿಸೈನರ್ ಆದರೆ ಫಿಗ್ಮಾ, ಫೋಟೋಶಾಪ್, ವೈರ್‌ಫ್ರೇಮ್. ಯಾರ ರೆಸ್ಯೂಮೆಯಲ್ಲಿ ಹೆಚ್ಚು ಪದ ಸಿಕ್ಕಿತೋ ಅವರು ಮೇಲೆ, ಉಳಿದವರು ಕೆಳಗೆ. ರೆಸ್ಯೂಮೆಯ ತಲೆಯ ಮೇಲೆ ಅವರು ಕೊಟ್ಟ ಕೊಂಡಿಯನ್ನ ಮಾತ್ರ ಯಾರೂ ಒತ್ತಿರೋದಿಲ್ಲ!

ಜಾವಾ ಪ್ರೋಗ್ರಾಮರ್ ಹುಡುಕುವಾಗ "ಜಾವಾ" ಅಂತ ಹುಡುಕಿದರೆ ಒಂದಿಷ್ಟು ಅರ್ಥ ಇದೆ, ಅದು ಗೊತ್ತಿಲ್ಲದವರಿಗೆ ಕೆಲಸ ಸಾಗಲ್ಲ. ಬರವಣಿಗೆಯಲ್ಲಿ ಹಾಗಲ್ಲ. "ಕಂಟೆಂಟ್ ಸ್ಟ್ರಾಟಜಿ" ಅನ್ನೋ ಪದವನ್ನ ಯಾರು ಬೇಕಾದರೂ ಟೈಪ್ ಮಾಡಬಹುದು. ರೆಸ್ಯೂಮೆಯ ಕೊನೆಯಲ್ಲಿ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಐವತ್ತು ಕೀವರ್ಡ್ ಬರೆದು ಕಳಿಸುವ ಪುಣ್ಯಾತ್ಮರೂ ಇದ್ದಾರೆ :-) ಕೀವರ್ಡ್ ಹೇಳುವುದು ಇಷ್ಟೇ: ಈ ಮನುಷ್ಯ ಈ ಪದವನ್ನ ಕೇಳಿದ್ದಾನೆ. ಕೊಂಡಿಯ ಆಚೆ ಇರುವುದು ಅವನು ತಗೊಂಡ ತೀರ್ಮಾನಗಳು. ಎಲ್ಲಿ ವಾಕ್ಯ ಮುಗಿಸಿದ, ಯಾವುದನ್ನ ಬಿಟ್ಟ, ಓದುವವರು ಯಾರು ಅಂದುಕೊಂಡಿದ್ದ, ಎಲ್ಲ ಅಲ್ಲಿದೆ.

ಬರೀ ಅಭಿಪ್ರಾಯ ಹೇಳಿದರೆ ಸಾಲದು ಅಂತ ಒಂದು ನೇಮಕದ ಕತೆ ಹೇಳ್ತೀನಿ. ಹಣ ಕಳಿಸುವ ಒಂದು ಆ್ಯಪ್‌ಗೆ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆಯುವವರು ಬೇಕಿತ್ತು. ಆ್ಯಪ್ ಒಳಗಿನ ಪುಟ್ಟ ಪುಟ್ಟ ವಾಕ್ಯಗಳು, "ಹಣ ಕಡಿತವಾಗಿದೆ ಆದರೆ ತಲುಪಿಲ್ಲ" ಥರದ ಸಂದೇಶಗಳು, ಸಹಾಯದ ಪುಟಗಳು. 96 ಅರ್ಜಿ ಬಂದವು. ಎಚ್.ಆರ್.ನವರು 12 ಪದಗಳ ಪಟ್ಟಿ ಇಟ್ಟುಕೊಂಡು ಸಾಲಾಗಿ ಜೋಡಿಸಿ, ಮೇಲಿನ 15 ಜನರನ್ನ ನನಗೆ ಕಳಿಸಿದರು. ನಾನು 96ನ್ನೂ ಕಳಿಸಿ ಅಂದೆ.

"ಅಷ್ಟೂ ಲಿಂಕ್ ತೆಗೆದು ನೋಡೋಕೆ ಟೈಮ್ ಎಲ್ಲಿದೆ ಸಾರ್?"

ಲೆಕ್ಕ ಹಾಕೋಣ ಬನ್ನಿ. ಮೊದಲ ಸುತ್ತಿನಲ್ಲಿ ಒಬ್ಬೊಬ್ಬರಿಗೆ 2 ನಿಮಿಷ. 96 ಜನಕ್ಕೆ 192 ನಿಮಿಷ, ಅಂದರೆ ಮೂರು ಗಂಟೆ ಚಿಲ್ಲರೆ. ಒಂದು ಕೊಂಡಿ ತೆಗೆದು ಮೊದಲ ಪ್ಯಾರಾ ಓದೋಕೆ ಅಷ್ಟು ಸಾಕು, ಅನ್ನ ಬೆಂದಿದೆಯಾ ನೋಡೋಕೆ ಒಂದಗುಳು ಸಾಕಲ್ಲ. ಅದರಲ್ಲಿ 18 ಜನ ಉಳಿದರು. ಅವರಿಗೆ ತಲಾ 15 ನಿಮಿಷ, ಅಂದರೆ ನಾಲ್ಕೂವರೆ ಗಂಟೆ. ಒಟ್ಟು ಒಂದು ದಿನದ ಕೆಲಸ. ಕೀವರ್ಡ್ ನಂಬಿ ಮೇಲಿನ 15 ಜನರನ್ನ ಮುಕ್ಕಾಲು ಗಂಟೆ ಸಂದರ್ಶನ ಮಾಡಿದ್ದರೂ ಹನ್ನೊಂದು ಗಂಟೆ ಮೇಲಾಗ್ತಿತ್ತು.

ಆದರೆ ಕೊಂಡಿ ನೋಡ್ತೀನಿ ಅಂತ ಕೂತಾಗ ಮೊದಲು ಎದುರಾಗುವ ತೊಂದರೆಯೇ ಬೇರೆ. ಕೊಂಡಿ ಸಿಗೋದೇ ಇಲ್ಲ! ರೆಸ್ಯೂಮೆಗಳನ್ನ ಓದುವ ತಂತ್ರಾಂಶ ಪಿಡಿಎಫ್‌ನಿಂದ ಸಾಮಾನ್ಯವಾಗಿ ಅಕ್ಷರಗಳನ್ನ ಮಾತ್ರ ಎತ್ತಿಕೊಳ್ಳುತ್ತೆ. "ನನ್ನ ಕೆಲಸಗಳು ಇಲ್ಲಿವೆ" ಅಂತ ಬರೆದು ಅದರ ಹಿಂದೆ ವಿಳಾಸ ಅಡಗಿಸಿಟ್ಟಿದ್ದರೆ, ಆ ವಿಳಾಸ ಇರುವುದು ಪಿಡಿಎಫ್‌ನ ಬೇರೆಯೇ ಪದರದಲ್ಲಿ. ಎಚ್.ಆರ್.ನವರ ಪರದೆಯಲ್ಲಿ "ನನ್ನ ಕೆಲಸಗಳು ಇಲ್ಲಿವೆ" ಅನ್ನೋ ಸಾಲು ಮಾತ್ರ ಉಳಿದಿರುತ್ತೆ. ಎಲ್ಲಿವೆ? ದೇವರೇ ಬಲ್ಲ. ಹಾಗಾಗಿ ಮೂಲ ಪಿಡಿಎಫ್ ಕೇಳಿ ತಗೋಬೇಕು. ಲಿನಕ್ಸ್ ಇರುವವರಿಗೆ ಒಂದು ಸುಲಭದ ದಾರಿ ಇದೆ. ಪಾಪ್ಲರ್ ಅನ್ನೋ ಉಪಕರಣಗಳ ಗುಂಪಿನ ಹೊಸ ಆವೃತ್ತಿಯಲ್ಲಿ, ಪಿಡಿಎಫ್‌ನೊಳಗಿನ ಕೊಂಡಿಗಳನ್ನಷ್ಟೇ ಪಟ್ಟಿ ಮಾಡುವ ಸೌಲಭ್ಯ ಇದೆ:

```
for f in *.pdf; do echo "$f"; pdfinfo -url "$f"; done
```

ಎಲ್ಲ ರೆಸ್ಯೂಮೆಗಳನ್ನ ಒಂದು ಫೋಲ್ಡರಿನಲ್ಲಿ ಹಾಕಿ ಇದನ್ನ ಓಡಿಸಿದರೆ ಯಾರ ಫೈಲಿನಲ್ಲಿ ಯಾವ ಕೊಂಡಿ ಇದೆ ಅಂತ ಬರುತ್ತೆ. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದ ರೆಸ್ಯೂಮೆಯಲ್ಲಿ ಏನೂ ಸಿಗಲ್ಲ, ಅದನ್ನ ಕಣ್ಣಲ್ಲೇ ನೋಡಬೇಕು.

ಕನ್ನಡದವರಿಗೆ ಇನ್ನೊಂದು ಸಂಕಟ ಇದೆ, ಇದು ಅಂತರಜಾಲದಲ್ಲಿ ಯೂನಿಕೋಡ್ ಬಳಸ್ತಾ ಬಂದ ನಮಗೆ ಹಳೇ ಗಾಯ. ಇವತ್ತಿಗೂ ಎಷ್ಟೋ ಜನ ನುಡಿಯ ಹಳೇ ಅಕ್ಷರಶೈಲಿಯಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡ್ತಾರೆ, ಮುದ್ರಣದ ಕೆಲಸ ಮಾಡಿದವರಂತೂ ಹೆಚ್ಚು. ಕಣ್ಣಿಗೆ "ಕನ್ನಡ" ಅಂತಲೇ ಕಾಣುತ್ತೆ. ಒಳಗೆ ಇರುವುದು `PÀ£ÀßqÀ`. ತಂತ್ರಾಂಶಕ್ಕೆ ಇದು ಯಾವ ಭಾಷೆಯೂ ಅಲ್ಲ. ಕನ್ನಡ ಬರೆಯುವವರು ಬೇಕು ಅಂತ "ಕನ್ನಡ" ಅನ್ನೋ ಪದ ಹುಡುಕಿದರೆ, ರೆಸ್ಯೂಮೆಯನ್ನೇ ಕನ್ನಡದಲ್ಲಿ ಬರೆದವರು ಸಿಗೋದಿಲ್ಲ! ಯೂನಿಕೋಡಿನಲ್ಲೇ ಮಾಡಿದ ಪಿಡಿಎಫ್‌ನಿಂದಲೂ ಕೆಲವೊಮ್ಮೆ ಒತ್ತಕ್ಷರಗಳು ಕಲಸಿಕೊಂಡು ಹೊರಗೆ ಬರ್ತವೆ.

ನಮ್ಮ 96ರಲ್ಲಿ ಕೀವರ್ಡ್ ಲೆಕ್ಕದಲ್ಲಿ ಮೊದಲ ಸ್ಥಾನದಲ್ಲಿದ್ದವರಿಗೆ 12ಕ್ಕೆ 11 ಪದ ಸಿಕ್ಕಿತ್ತು. ಕೊಂಡಿ ಒತ್ತಿದೆ. ಗೂಗಲ್ ಡ್ರೈವ್ ಫೋಲ್ಡರ್, 40 ಫೈಲು. ಮೊದಲ ಮೂರಕ್ಕೆ `You need access` ಅಂತ ಬಂತು. ಅದನ್ನ ನಾನು ದೊಡ್ಡದು ಮಾಡಲ್ಲ, ಒಂದು ಮೇಲ್ ಹಾಕಿದರೆ ಸರಿಹೋಗುತ್ತೆ. (ನಿಮ್ಮದೇ ಕೊಂಡಿ ಕಳಿಸುವಾಗ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ತೆಗೆದು ನೋಡಿ ಮಾರಾಯ್ರೇ, ನಿಮ್ಮ ಲಾಗಿನ್‌ನಲ್ಲಿ ಎಲ್ಲವೂ ತೆರೆದೇ ಇರುತ್ತೆ.) ನಾಲ್ಕನೆಯದು ತೆರೀತು. ಹಲ್ಲಿನ ಆಸ್ಪತ್ರೆಯೊಂದರ ಬಗ್ಗೆ ಲೇಖನ. "ಬೆಂಗಳೂರಿನ ಅತ್ಯುತ್ತಮ ದಂತ ಚಿಕಿತ್ಸೆ" ಅನ್ನೋದು ಮೊದಲ ಪ್ಯಾರಾದಲ್ಲೇ ನಾಲ್ಕು ಸಲ. ಹಲ್ಲು ನೋವಿನಲ್ಲಿ ರಾತ್ರಿ ಹನ್ನೊಂದಕ್ಕೆ ಹುಡುಕ್ತಾ ಬಂದವರಿಗೆ ಬೇಕಾದ ಒಂದು ಮಾತೂ ಇಲ್ಲ, ಎಷ್ಟು ಗಂಟೆಯವರೆಗೆ ತೆಗೆದಿರುತ್ತೆ ಅನ್ನೋದೂ ಇಲ್ಲ. ಇನ್ನೊಂದು ಲೇಖನದಲ್ಲಿ ನಡುವಿನ ಒಂದು ಉದ್ದ ವಾಕ್ಯ ತಗೊಂಡು ಉದ್ಧರಣ ಚಿಹ್ನೆಯ ಒಳಗೆ ಹಾಕಿ ಹುಡುಕಿದೆ. ಅದೇ ವಾಕ್ಯ ಬೇರೆ ಎರಡು ತಾಣಗಳಲ್ಲಿ ಹಳೇ ತಾರೀಕಿನೊಂದಿಗೆ ಸಿಕ್ಕಿತು. ನಡುವಿನಿಂದ ಯಾಕೆ ಅಂದರೆ, ನಕಲು ಮಾಡುವವರು ಮೊದಲ ಸಾಲನ್ನ ಸಾಮಾನ್ಯವಾಗಿ ಬದಲಿಸಿರ್ತಾರೆ. ನಡುವೆ ಬರುವಷ್ಟರಲ್ಲಿ ಸುಸ್ತಾಗಿರುತ್ತೆ.

71ನೇ ಸ್ಥಾನದಲ್ಲಿದ್ದವರಿಗೆ ಸಿಕ್ಕಿದ್ದು ಎರಡೇ ಪದ. ರೆಸ್ಯೂಮೆಯ ಅರ್ಧ ಭಾಗ ನುಡಿಯಲ್ಲಿ, ಹಾಗಾಗಿ ತಂತ್ರಾಂಶಕ್ಕೆ ಅದು ಕಂಡೇ ಇಲ್ಲ. ಮಲೆನಾಡಿನ ಕಡೆಯ ಒಂದು ಸಹಕಾರ ಸಂಘದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದರು. ಕೊಟ್ಟ ಕೊಂಡಿ ಮೂರು, ಮೂರೂ ಅವರದೇ ಸರಳವಾದ ಒಂದು ತಾಣದ ಪುಟಗಳು. ಒಂದರಲ್ಲಿ ಸಂಘದ ನೋಟೀಸು ಬೋರ್ಡಿನ ಒಂದು ಸೂಚನೆ ಹೇಗೆ ಬದಲಾಯಿತು ಅಂತ ಬರೆದಿದ್ದರು. ಮೊದಲಿದ್ದದ್ದು ಹೀಗೆ:

"ಸದಸ್ಯರು ತಮ್ಮ ಖಾತೆಗೆ ಸಂಬಂಧಿಸಿದ ಗುರುತಿನ ದಾಖಲೆಗಳನ್ನು ನಿಗದಿತ ಅವಧಿಯೊಳಗೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಸದರಿ ಖಾತೆಯ ವ್ಯವಹಾರವನ್ನು ಸ್ಥಗಿತಗೊಳಿಸಲಾಗುವುದು."

ಅವರು ತಿದ್ದಿದ್ದು ಹೀಗೆ:

"ಮಾರ್ಚ್ 31ರೊಳಗೆ ಆಧಾರ್ ಮತ್ತು ಪ್ಯಾನ್ ಕಾರ್ಡಿನ ಜೆರಾಕ್ಸ್ ಕೊಡಿ. ಕೊಡದಿದ್ದರೆ ಏಪ್ರಿಲ್ 1ರಿಂದ ನಿಮ್ಮ ಖಾತೆಯಿಂದ ಹಣ ತೆಗೆಯಲು ಆಗುವುದಿಲ್ಲ. ಆಮೇಲೆ ಕೊಟ್ಟರೂ ಖಾತೆ ಮತ್ತೆ ಶುರುವಾಗುತ್ತದೆ. ನಿಮ್ಮ ಹಣಕ್ಕೆ ಏನೂ ಆಗುವುದಿಲ್ಲ."

ಇಷ್ಟೇ ಆಗಿದ್ದರೆ ಚೆನ್ನಾಗಿ ಸರಳ ಮಾಡಿದ್ದಾರೆ ಅಂದು ಮುಂದೆ ಹೋಗ್ತಿದ್ದೆ. ಕೆಳಗೆ ಅವರು ಎರಡು ಸಾಲಿನ ಟಿಪ್ಪಣಿ ಹಾಕಿದ್ದರು. ಮೊದಲ ನೋಟೀಸು ಅಂಟಿಸಿದ ಮಾರನೇ ದಿನ ವಯಸ್ಸಾದ ಕೆಲವರು ಪಾಸ್‌ಬುಕ್ ಹಿಡಿದುಕೊಂಡು ಎಲ್ಲ ಹಣ ವಾಪಸ್ ಕೊಡಿ ಅಂತ ಬಂದರಂತೆ. "ಸ್ಥಗಿತ" ಅಂದರೆ ದುಡ್ಡು ಮುಳುಗಿತು ಅಂತ ಅವರಿಗೆ ಅರ್ಥವಾಗಿತ್ತು. ಕೊನೆಯ ಎರಡು ವಾಕ್ಯ ಸೇರಿಸಿದ್ದು ಅದಕ್ಕೆ.

ನಮಗೆ ಬೇಕಿದ್ದದ್ದು ನಿಖರವಾಗಿ ಇದೇ ಅಲ್ಲವಾ? ಹಣ ಕಳಿಸಿದೆ, ಹೋಯಿತೋ ಇಲ್ಲವೋ ಗೊತ್ತಿಲ್ಲ ಅಂತ ಫೋನ್ ಹಿಡಿದು ನಿಂತವರಿಗೆ ಮೊದಲು ಯಾವ ವಾಕ್ಯ ಹೇಳಬೇಕು ಅನ್ನೋದು ಇವರಿಗೆ ಗೊತ್ತಿತ್ತು. ಈ ಗುಣಕ್ಕೆ ಯಾವ ಕೀವರ್ಡ್ ಇಡ್ತೀರಿ? ಅವರಿಗೆ ಬಾರದೇ ಇದ್ದದ್ದು ನಾವು ಬಳಸುವ ಒಂದು ತಂತ್ರಾಂಶ, ಪಟ್ಟಿಯಲ್ಲಿ ಅದು "ಕಡ್ಡಾಯ" ಅಂತಿತ್ತು. ಕೆಲಸಕ್ಕೆ ಸೇರಿ ನಾಲ್ಕನೇ ದಿನಕ್ಕೆ ಕಲಿತರು.

ಹಾಗಂತ ಕೊಂಡಿ ಅಂದರೆ ಗಂಗಾಜಲ ಅಂತಲ್ಲ. ಅದರಲ್ಲೂ ಮೋಸ ಹೋಗಬಹುದು, ಮತ್ತು ಅದು ಬಹಳ ಸಲ ಆಗುವುದು ಅಭ್ಯರ್ಥಿಯ ತಪ್ಪಿನಿಂದಲೂ ಅಲ್ಲ. ಪ್ರಕಟವಾದ ಪುಟ ಒಬ್ಬರ ಕೈಯಲ್ಲಿ ಆಗಿರಲ್ಲ. ಬರೆದವರು ಒಬ್ಬರು, ತಿದ್ದಿದವರು ಒಬ್ಬರು, ವಕೀಲರು ಬಂದು "ಷರತ್ತುಗಳು ಅನ್ವಯಿಸುತ್ತವೆ" ಸೇರಿಸಿ ಹೋದವರು ಇನ್ನೊಬ್ಬರು. ಜೊತೆಗೆ ಅಭ್ಯರ್ಥಿ ಕೆಲಸ ಬಿಟ್ಟ ಮೇಲೆ ಪುಟವನ್ನ ಯಾರೋ ಪೂರ್ತಿ ಬದಲಿಸಿರಬಹುದು. ನೀವು ಇವತ್ತು ಓದ್ತಿರೋದು ಅವರ ನಂತರ ಬಂದವರ ಬರಹ! ಅದಕ್ಕೇ ನಾನು ರೆಸ್ಯೂಮೆಯಲ್ಲಿ ಕೊಟ್ಟ ವರ್ಷ ನೋಡಿಕೊಂಡು `web.archive.org`ನಲ್ಲಿ ಅದೇ ವಿಳಾಸ ಹಾಕಿ ನೋಡ್ತೀನಿ. 2019ರಿಂದ 2021ರವರೆಗೆ ಅಲ್ಲಿದ್ದರೆ 2020ರ ಪ್ರತಿ ಇದೆಯಾ ಅಂತ. ಎಲ್ಲ ಪುಟಗಳೂ ಅಲ್ಲಿ ಸಿಗಲ್ಲ, ಲಾಗಿನ್ ಆದ ಮೇಲೆ ಕಾಣುವ ಪುಟಗಳಂತೂ ಇಲ್ಲವೇ ಇಲ್ಲ. ಸಿಕ್ಕರೆ ಮಾತ್ರ ಅಂದಿನ ಬರಹ ಹಾಗೇ ಕಾಣುತ್ತೆ.

ಸತ್ತ ಕೊಂಡಿಗೂ ಇದೇ ಮದ್ದು. ಕೊಂಡಿ ತೆರೆಯದಿದ್ದರೆ ಸೋಮಾರಿ ಅಂತ ಬದಿಗೆ ಸರಿಸುವವರನ್ನ ನೋಡಿದ್ದೀನಿ, ನನಗದು ಅನ್ಯಾಯ ಅನ್ನಿಸುತ್ತೆ. ಯಾಹೂ ತನ್ನ ಜಿಯೋಸಿಟೀಸ್ ಮುಚ್ಚಿದ್ದು 2009ರಲ್ಲಿ. ಫ್ಲಾಶ್ ಪ್ಲೇಯರಿಗೆ 2020ರ ಕೊನೆಗೆ ಬೆಂಬಲ ನಿಂತಿತು, ಅದರಲ್ಲಿ ಮಾಡಿದ ಪೋರ್ಟ್‌ಫೋಲಿಯೊಗಳೆಲ್ಲ ಬ್ರೌಸರಿನಲ್ಲಿ ಖಾಲಿ ಚೌಕಗಳಾದವು. ಡಿಸೈನರ್‌ಗಳು ತಮ್ಮ ಮಾದರಿಗಳನ್ನ ಇಟ್ಟುಕೊಂಡಿದ್ದ ಇನ್‌ವಿಷನ್ 2024ರ ಕೊನೆಗೆ ಬಾಗಿಲು ಹಾಕಿತು. ಹತ್ತು ವರ್ಷದ ಅನುಭವ ಇರುವವರ ಒಂದೆರಡು ಕೊಂಡಿ ಸತ್ತಿರೋದು ಸಹಜವೇ. ಒಂದು ಸಾಲಿನ ಮೇಲ್ ಹಾಕಿ "ಇದು ತೆರೀತಿಲ್ಲ, ಬೇರೆ ಪ್ರತಿ ಇದೆಯಾ?" ಅಂತ ಕೇಳಿದರೆ ಎರಡು ದಿನದಲ್ಲಿ ಬರುತ್ತೆ.

ಡಿಸೈನರ್‌ಗಳ ವಿಷಯಕ್ಕೆ ಬಂದರೆ, ಅವರ ಪೋರ್ಟ್‌ಫೋಲಿಯೊ ಬರಹಗಾರರದ್ದಕ್ಕಿಂತ ಚಂದ ಕಾಣುತ್ತೆ, ಹಾಗಾಗಿ ಅಪಾಯವೂ ಹೆಚ್ಚು. ಬಿಹಾನ್ಸ್‌ನಲ್ಲಿ ಫೋನು ಗಾಳಿಯಲ್ಲಿ ತೇಲ್ತಿರುತ್ತೆ, ಪಕ್ಕದಲ್ಲಿ ಒಂದು ಕಾಫಿ ಕಪ್ಪು, ಮೇಲೆ ಎಲೆಯ ನೆರಳು! ಇದನ್ನೆಲ್ಲ ದಾಟಿ ಪರದೆಯ ಒಳಗೆ ಏನಿದೆ ನೋಡಬೇಕು. ನಾನು ಮೊದಲು ಹುಡುಕುವುದು ಸುಂದರವಲ್ಲದ ಪರದೆಗಳನ್ನ. ಹುಡುಕಿದ್ದು ಸಿಗದಿದ್ದಾಗ ಏನು ಕಾಣುತ್ತೆ? ನೆಟ್‌ವರ್ಕ್ ಹೋದಾಗ? ಹೆಸರು ತೀರಾ ಉದ್ದ ಇದ್ದಾಗ? ಎಲ್ಲ ಪರದೆಯಲ್ಲೂ ಎಲ್ಲರ ಹೆಸರೂ ಐದಕ್ಷರದ್ದೇ ಆಗಿದ್ದರೆ, ಅದು ನಿಜವಾಗಿ ಬಳಕೆಗೆ ಬಂದ ಕೆಲಸವಲ್ಲ ಅಂತ ಅನುಮಾನ ಪಡಬಹುದು.

ಕನ್ನಡದ ಆ್ಯಪ್‌ಗಾದರೆ ಇನ್ನೂ ಸುಲಭದ ಪರೀಕ್ಷೆ ಇದೆ. ಇಂಗ್ಲಿಷ್ ಅಕ್ಷರಕ್ಕೆ ಸರಿಯಾಗಿ ಸಾಲಿನ ಎತ್ತರ ಇಟ್ಟು, ಅಲ್ಲೇ ಕನ್ನಡ ತುಂಬಿದರೆ ಕೆಳಗಿನ ಒತ್ತಕ್ಷರಗಳು ಕತ್ತರಿಸಿ ಹೋಗ್ತವೆ. "ರಾಷ್ಟ್ರ" ಅಂತ ಬರೆದ ಕಡೆ ಕೆಳಗಿನ ಒತ್ತುಗಳು ಅರ್ಧ ಮಾಯ. ಬಟನ್ ಮೇಲೆ `Submit` ಇದ್ದ ಜಾಗದಲ್ಲಿ "ಸಲ್ಲಿಸಿ" ಕೂರುತ್ತೆ, ಆದರೆ `Log in` ಇದ್ದಲ್ಲಿ "ಲಾಗಿನ್ ಆಗಿ" ಬಂದಾಗ ಎರಡನೇ ಸಾಲಿಗೆ ಜಾರುತ್ತೆ. ಇದನ್ನ ಕಂಡು ಸರಿಮಾಡಿದವರ ಪೋರ್ಟ್‌ಫೋಲಿಯೊದಲ್ಲಿ ಅದು ಎದ್ದು ಕಾಣುತ್ತೆ. "ಫಿಗ್ಮಾ" ಅನ್ನೋ ಕೀವರ್ಡ್ ಇಬ್ಬರ ರೆಸ್ಯೂಮೆಯಲ್ಲೂ ಇರುತ್ತೆ.

ಇನ್ನು "ನಾನು" ಮತ್ತು "ನಾವು". ಡಿಸೈನರ್‌ಗಳ ಕೆಲಸದ ವಿವರಣೆಗಳಲ್ಲಿ "ನಾವು ಬಳಕೆದಾರರನ್ನ ಮಾತಾಡಿಸಿದೆವು, ನಾವು ಹೊಸ ವಿನ್ಯಾಸ ಮಾಡಿದೆವು" ಅಂತ ಇರುತ್ತೆ. ಆರು ಜನರ ತಂಡದಲ್ಲಿ ಈ ವ್ಯಕ್ತಿ ಮಾಡಿದ್ದು ಏನು? ಸಂದರ್ಶನದಲ್ಲಿ ನಾನು ಆ ಪುಟವನ್ನೇ ಪರದೆಯ ಮೇಲೆ ತೆಗೆದು, ಒಂದು ಮೂಲೆಗೆ ಬೆರಳಿಟ್ಟು, "ಇದು ಇಲ್ಲೇ ಯಾಕೆ ಇದೆ? ಬೇರೆ ಎಲ್ಲಿ ಇಟ್ಟು ನೋಡಿದ್ರಿ?" ಅಂತ ಕೇಳ್ತೀನಿ. ಮಾಡಿದವರ ಹತ್ತಿರ ಬಿಟ್ಟುಬಿಟ್ಟ ಪ್ರಯತ್ನಗಳ ಕತೆ ಇರುತ್ತೆ, ಕೆಲವರಿಗೆ ಆ ಜಗಳ ಇನ್ನೂ ಮರೆತಿರಲ್ಲ. ಪಕ್ಕದಲ್ಲಿ ಕೂತು ನೋಡಿದವರು "ಬಳಕೆದಾರರಿಗೆ ಸುಲಭವಾಗಲಿ ಅಂತ" ಅಂದು ನಿಲ್ಲಿಸ್ತಾರೆ. ಬರಹಗಾರರಿಗೂ ಇದೇ ಪ್ರಶ್ನೆ ನಡೆಯುತ್ತೆ, ಮೊದಲ ಕರಡಿನಲ್ಲಿ ಏನಿತ್ತು ಅಂತ ಕೇಳಿ.

ನನ್ನ ವಾದಕ್ಕೆ ನಿಜವಾದ ಅಡ್ಡಿ ಬೇರೆ ಕಡೆ ಇದೆ. ಕೊಂಡಿಯೇ ಕೊಡಲಾಗದವರ ಗತಿ ಏನು? ಬ್ಯಾಂಕಿನ ಒಳಗಿನ ತಂತ್ರಾಂಶಕ್ಕೆ ಎಂಟು ವರ್ಷ ಡಿಸೈನ್ ಮಾಡಿದವರು ಒಪ್ಪಂದಕ್ಕೆ ಸಹಿ ಹಾಕಿರ್ತಾರೆ, ಒಂದು ಪರದೆಯನ್ನೂ ಹೊರಗೆ ತೋರಿಸುವಂತಿಲ್ಲ. ಜಾಹೀರಾತು ಏಜೆನ್ಸಿಗಳಲ್ಲಿ ಅನುವಾದ ಮಾಡುವವರ ಹೆಸರು ಎಲ್ಲೂ ಬರಲ್ಲ. ಸಾಹೇಬರ ಹೆಸರಿನಲ್ಲಿ ಅಂಕಣ ಬರೆದುಕೊಡುವವರಂತೂ ಬಾಯಿಯೇ ಬಿಡುವಂತಿಲ್ಲ. ಮಗು ಆದ ಮೇಲೆ ಐದು ವರ್ಷ ಬಿಟ್ಟು ಮತ್ತೆ ಬರುವವರ ಕೊಂಡಿಗಳೆಲ್ಲ ಹಳತಾಗಿರ್ತವೆ. ಸಂಜೆ ಏಳಕ್ಕೆ ಕೆಲಸ ಮುಗಿಸಿ ಎರಡು ಬಸ್ಸು ಬದಲಿಸಿ ಮನೆಗೆ ಹೋಗುವವರಿಗೆ ಭಾನುವಾರ ಕೂತು ಪೋರ್ಟ್‌ಫೋಲಿಯೊ ಸಿಂಗರಿಸಿ ಅನ್ನೋದು ಸುಲಭ, ಮಾಡೋದು ಕಷ್ಟ. "ಕೊಂಡಿ ಇಲ್ಲದವರು ಬೇಡ" ಅಂತ ನಿಯಮ ಮಾಡಿದರೆ ಅದೂ ಇನ್ನೊಂದು ಕೀವರ್ಡ್ ಆಗುತ್ತೆ ಅಷ್ಟೆ.

ಇವರ ಹತ್ತಿರ ಗುಟ್ಟಿನ ಕೆಲಸ ತೋರಿಸಿ ಅಂತ ಒತ್ತಾಯ ಮಾಡಬಾರದು. ಹಳೇ ಕಂಪನಿಯ ಕಡತವನ್ನ ನಮಗೆ ತೋರಿಸಿದವರು ನಾಳೆ ನಮ್ಮದನ್ನ ಇನ್ನೊಬ್ಬರಿಗೆ ತೋರಿಸ್ತಾರೆ. ಬದಲಿಗೆ ಎಲ್ಲರಿಗೂ ಕಾಣುವ ಒಂದು ಪುಟ ಕೊಟ್ಟು, ಬಸ್ ಟಿಕೆಟ್ ರದ್ದು ಮಾಡುವ ಪುಟವೋ ಕರೆಂಟು ಬಿಲ್ಲಿನ ಹಿಂಭಾಗವೋ, ಒಂದು ಗಂಟೆಯಲ್ಲಿ ಒಂದು ಭಾಗ ತಿದ್ದಿಕೊಡಿ ಅಂತ ಕೇಳಬಹುದು. ಆ ಒಂದು ಗಂಟೆಗೆ ದುಡ್ಡು ಕೊಡಬೇಕು. ನಮ್ಮದೇ ಆ್ಯಪ್‌ನ ಐದು ಪುಟ ಕೊಟ್ಟು "ಪರೀಕ್ಷೆಗೆ ಬರೆದುಕೊಡಿ" ಅಂದು, ಕೆಲಸ ಕೊಡದೆ ಬರಹ ಮಾತ್ರ ಬಳಸಿಕೊಳ್ಳುವ ಜನ ಈ ಊರಲ್ಲಿ ಇದ್ದಾರೆ. ಅದಕ್ಕೆ ಬೇರೆ ಹೆಸರು ಇದೆ, ಇಲ್ಲಿ ಬೇಡ ಬಿಡಿ.

ರೆಸ್ಯೂಮೆ ಹಾಗಾದರೆ ಯಾಕೆ ಬೇಕು? ಬೇಕು. ಎಲ್ಲಿ ಎಷ್ಟು ಕಾಲ ಇದ್ದರು, ಎಷ್ಟು ದಿನದಲ್ಲಿ ಬರ್ತಾರೆ, ಸಂಬಳ ಹೊಂದುತ್ತಾ ಅಂತ ನೋಡೋಕೆ. ಕೊಂಡಿ ನೋಡಿ ಆದ ಮೇಲೆ ನಾನು ಅದನ್ನ ಓದುವುದು. ಮೊದಲೇ ಓದಿದರೆ ದೊಡ್ಡ ಕಂಪನಿಯ ಹೆಸರು ಕಣ್ಣಿಗೆ ಬಿದ್ದು, ಸಾಧಾರಣ ಬರಹವೂ ಚೆನ್ನಾಗಿಯೇ ಕಾಣೋಕೆ ಶುರುವಾಗುತ್ತೆ.

ಈ ಸಲ ಡಿಸೈನರ್ ಬೇಕು ಅಂತ ಜಾಹೀರಾತು ಬರೆಯುವಾಗ 12 ಪದಗಳ ಪಟ್ಟಿ ತೆಗೆಸಿದೆ. ಅದರ ಜಾಗದಲ್ಲಿ ಈಗಿರೋದು ಇದು: "ಮೂರು ಕೆಲಸಗಳ ಕೊಂಡಿ ಕಳಿಸಿ. ಪ್ರತಿಯೊಂದರ ಕೆಳಗೆ ಎರಡು ಸಾಲು ಬರೆಯಿರಿ, ಇದರಲ್ಲಿ ನಾನು ಮಾಡಿದ್ದು ಏನು, ಬೇರೆಯವರು ಮಾಡಿದ್ದು ಏನು. ವಿಳಾಸವನ್ನು ಪೂರ್ತಿ ಅಕ್ಷರದಲ್ಲಿ ಬರೆಯಿರಿ. ತೋರಿಸಲು ಆಗದ ಕೆಲಸವಾದರೆ ಹಾಗಂತ ಹೇಳಿ, ಕರೆದು ಮಾತಾಡುತ್ತೇವೆ." ಎಚ್.ಆರ್.ನವರು "ಫಿಗ್ಮಾ ಒಂದನ್ನಾದರೂ ಇಡೋಣ ಸಾರ್" ಅಂದರು. ಇರಲಿ, ಅದೊಂದು ಇಟ್ಟಿದ್ದೀವಿ :-)